ಯಾವ ಶನಿವಾರ ರಜೆ? ಬೋರ್ಡಿನಲ್ಲಿ ತಾರೀಖು ಬರೆಸಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಒಂದು ತಾಲ್ಲೂಕು ಕಚೇರಿ ಎದುರು ಟೈಪಿಂಗ್ ಅಂಗಡಿ ನಡೆಸುತ್ತೇನೆ. ಕಚೇರಿ ಬಾಗಿಲು ಹಾಕಿದ್ದ ದಿನ ಜನ ನನ್ನನ್ನೇ ಕೇಳುತ್ತಾರೆ, "ಇವತ್ತು ಯಾಕೆ ರಜೆ?" ಅಂತ.

2025ರ ನವೆಂಬರ್ 8ರಂದು ಒಬ್ಬರು ಅಜ್ಜ ಪಹಣಿ ತಿದ್ದುಪಡಿ ಅರ್ಜಿ ಹಿಡಿದು ಬಂದಿದ್ದರು. ಬೀಗ ನೋಡಿ, ಜೇಬಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ವಾರ ಶುರುವಾಗೋದು ಭಾನುವಾರ. 2ರಿಂದ 8 ಮೊದಲನೇ ವಾರ. ಎರಡನೇ ಶನಿವಾರ 15ಕ್ಕೆ ಅಲ್ವಾ?" ಅಂದರು. ಆ ತಿಂಗಳ 1ನೇ ತಾರೀಖೇ ಶನಿವಾರ. ಕ್ಯಾಲೆಂಡರಿನ ಮೊದಲ ಸಾಲಿನಲ್ಲಿ ಅದೊಂದೇ ಅಂಕಿ ಇತ್ತು, ಅದನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರು ಎಣಿಸಿದ್ದು ವಾರಗಳನ್ನು, ಎಣಿಸಬೇಕಾಗಿದ್ದು ಶನಿವಾರಗಳನ್ನು. ಬಸ್ಸಿನಲ್ಲಿ ಬಂದವರು ಹಾಗೇ ವಾಪಸ್ ಹೋದರು.

ಇದಕ್ಕೆ ಸುಲಭದ ಲೆಕ್ಕವಿದೆ. ಯಾವ ತಿಂಗಳಾದರೂ ಮೊದಲ ಏಳು ದಿನದಲ್ಲಿ ಶನಿವಾರ ಒಂದೇ ಸಲ ಬರುತ್ತದೆ. ಹಾಗಾಗಿ ಎರಡನೆಯದು 8ರಿಂದ 14ರೊಳಗೇ ಬರಬೇಕು, ನಾಲ್ಕನೆಯದು 22ರಿಂದ 28ರೊಳಗೆ. ಎರಡನೇ ಶನಿವಾರದ ತಾರೀಖಿಗೆ 14 ಕೂಡಿಸಿದರೆ ನಾಲ್ಕನೆಯದು ಸಿಗುತ್ತದೆ. 29, 30 ಅಥವಾ 31ಕ್ಕೆ ಶನಿವಾರ ಬಂದರೆ ಅದು ಐದನೆಯದು, ಕಚೇರಿ ತೆರೆದಿರುತ್ತದೆ. "ನಾಲ್ಕನೇ ಶನಿವಾರ" ಅಂದರೆ ತಿಂಗಳ ಕೊನೆಯ ಶನಿವಾರ ಅಂದುಕೊಂಡವರು ಇಲ್ಲೇ ಎಡವುತ್ತಾರೆ.

ಶನಿವಾರ ಬಿಟ್ಟು ಶನಿವಾರ ರಜೆ ಅಂತ ನಂಬಿದವರೂ ಇದ್ದಾರೆ. 2026ರ ಆಗಸ್ಟ್ ನೋಡಿ. 8 ಎರಡನೇ ಶನಿವಾರ, 22 ನಾಲ್ಕನೆಯದು. ನಡುವಿನ 15 ಸ್ವಾತಂತ್ರ್ಯ ದಿನ. ಅಲ್ಲಿಗೆ ಸಾಲಾಗಿ ಮೂರು ಶನಿವಾರ ಬೀಗ! ಆಮೇಲೆ 29 ಐದನೆಯದು, ಸೆಪ್ಟೆಂಬರ್ 5 ಮೊದಲನೆಯದು. ಎರಡನೇ ಶನಿವಾರದ ರಜೆ ಮತ್ತೆ ಬರುವುದು ಸೆಪ್ಟೆಂಬರ್ 12ಕ್ಕೆ. ಕೂಲಿ ಬಿಟ್ಟು ಶನಿವಾರವೇ ಬರುವವರು ಇದನ್ನು ಬಾಯಲ್ಲಿ ಎಣಿಸಿಕೊಂಡು ಬರಬೇಕು ಅಂದರೆ ಹೇಗೆ ಸ್ವಾಮಿ?

ರಜೆ ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. 2019ರಲ್ಲಿ ರಾಜ್ಯದ ನೌಕರರಿಗೆ ನಾಲ್ಕನೇ ಶನಿವಾರ ರಜೆ ಸಿಕ್ಕಾಗ ಅವರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು. ಅದು ಸುಮ್ನೆ ಸಿಕ್ಕಿದ್ದಲ್ಲ.

ನಾನು ಕೇಳುವುದು ಬೋರ್ಡಿನ ವಿಚಾರ. ನಮ್ಮೆದುರಿನ ಬೋರ್ಡಿನಲ್ಲಿ "ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ" ಅಂತ ಮಾತ್ರ ಇದೆ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: "8ರಿಂದ 14ರೊಳಗಿನ ಶನಿವಾರ, 22ರಿಂದ 28ರೊಳಗಿನ ಶನಿವಾರ." ಪಕ್ಕದಲ್ಲಿ ಒಂದು ಕರಿಹಲಗೆ ಹಾಕಿಸಿ, ಪ್ರತಿ ತಿಂಗಳು 1ರಂದು ಆ ತಿಂಗಳ ರಜೆ ತಾರೀಖುಗಳನ್ನೆಲ್ಲ ದಪ್ಪಕ್ಷರದಲ್ಲಿ ಬರೆಯಲು ಹೇಳಿ. ಹಬ್ಬದ ರಜೆಯೂ ಅದರಲ್ಲೇ ಇರಲಿ. 1ನೇ ತಾರೀಖೇ ರಜೆಯಾದರೆ ಹಿಂದಿನ ದಿನವೇ ಬರೆಯಲಿ. ಹಿಂಬರಹದಲ್ಲಿ "ಮುಂದಿನ ಶನಿವಾರ ಬನ್ನಿ" ಎನ್ನುವ ಬದಲು ತಾರೀಖನ್ನೇ ಹಾಕಲಿ.

ನಿಮ್ಮ ಜಿಲ್ಲೆಯ ಟೈಪಿಂಗ್ ಅಂಗಡಿಯವನು