ಜಂಟಿ ಖಾತೆಯ ಫಾರಂನಲ್ಲಿ ಒಂದು ಟಿಕ್

ಚಿ. ಸೌ. ಸುಧಾಳಿಗೆ ಅಮ್ಮನ ಆಶೀರ್ವಾದಗಳು.

ಅಳಿಯಂದಿರ ಹೆಸರನ್ನು ನಿನ್ನ ಉಳಿತಾಯ ಖಾತೆಗೂ ಎರಡು ಎಫ್‌ಡಿಗಳಿಗೂ ಸೇರಿಸಬೇಕು, ಫಾರಂನಲ್ಲಿ ‘ಐದರ್ ಆರ್ ಸರ್ವೈವರ್’ ಎಂದು ಟಿಕ್ ಹಾಕಿದರೆ ಸಾಕಲ್ಲವೇ ಎಂದು ಫೋನಿನಲ್ಲಿ ಕೇಳಿದೆ. ಉಳಿತಾಯ ಖಾತೆಗೆ ಸಾಕು, ಎಫ್‌ಡಿಗೆ ಸಾಲದು. ಯಾಕೆಂದು ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಕುಕ್ಕರ್ ನೋಡಲು ಓಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಇಂಥ ಫಾರಂಗಳನ್ನು ತೆಗೆದುಕೊಳ್ಳುತ್ತಲೇ ನಿವೃತ್ತಳಾದವಳು ನಾನು. ಹೆಚ್ಚಿನವರು ಫಾರಂ ನೀಡುವಾಗ ಆ ಸಾಲನ್ನು ಓದುವುದೇ ಇಲ್ಲ, ಪಕ್ಕದವರು ಎಲ್ಲಿ ಟಿಕ್ ಹಾಕಿದರೋ ಅಲ್ಲೇ ಹಾಕುತ್ತಾರೆ.

ಹೆಸರು ಸೇರಿಸುವ ಕೆಲಸ ದೊಡ್ಡದೇನಲ್ಲ. ಇಬ್ಬರೂ ಶಾಖೆಗೆ ಹೋಗಿ. ಅಳಿಯಂದಿರ ಆಧಾರ್, ಪ್ಯಾನ್, ಫೋಟೊ ಬೇಕು. ಅವರ ಮಾದರಿ ಸಹಿಯನ್ನು ತೆಗೆದುಕೊಳ್ಳುತ್ತಾರೆ, ಹೆಸರು ಸೇರಿಸಲು ಒಪ್ಪಿಗೆಯೆಂದು ನೀನು ಸಹಿ ಹಾಕಬೇಕು. ಖಾತೆಯ ಸಂಖ್ಯೆ ಅದೇ ಉಳಿಯುತ್ತದೆ, ಪಾಸ್‌ಬುಕ್ಕಿನಲ್ಲಿ ಎರಡನೆಯ ಹೆಸರು ಬರುತ್ತದೆ. ಎಫ್‌ಡಿಗೂ ಹೀಗೆಯೇ: ಮೊತ್ತವೂ ಅವಧಿಯೂ ಬದಲಾಗದಿದ್ದರೆ ನಡುವೆಯೇ ಹೆಸರು ಸೇರಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಅದನ್ನು ಮುರಿದು ಹೊಸದಾಗಿ ಇಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ, ಹಳೆಯ ಬಡ್ಡಿ ದರ ಕೈಬಿಟ್ಟು ಹೋಗುತ್ತದೆ. ಸೇರಿಸಿದ ಹೆಸರನ್ನು ಮುಂದೆ ತೆಗೆಯುವುದಕ್ಕೆ ಮಾತ್ರ ನಿನ್ನೊಬ್ಬಳ ಸಹಿ ಸಾಲದು, ಅವರೂ ಒಪ್ಪಿ ಸಹಿ ಮಾಡಬೇಕು.

ಈಗ ಆ ಟಿಕ್‌ನ ವಿಷಯ. ‘ಐದರ್ ಆರ್ ಸರ್ವೈವರ್’ ಎಂದರೆ ಇಬ್ಬರೂ ಇರುವಾಗ ಯಾರು ಬೇಕಾದರೂ ಒಬ್ಬರೇ ವ್ಯವಹರಿಸಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಬ್ಯಾಂಕು ಹಣ ಕೊಡುತ್ತದೆ. ‘ಫಾರ್ಮರ್ ಆರ್ ಸರ್ವೈವರ್’ ಎಂದರೆ ಮೊದಲನೆಯ ಹೆಸರಿನವರು ಮಾತ್ರ ವ್ಯವಹರಿಸುತ್ತಾರೆ. ಎರಡನೆಯವರಿಗೆ ಮೊದಲಿನವರ ಕಾಲಾನಂತರವೇ ಅಧಿಕಾರ. ‘ಜಾಯಿಂಟ್ಲಿ’ ಎಂದರೆ ಪ್ರತಿ ಚೆಕ್ಕಿಗೂ ಎರಡು ಸಹಿ. ಅದರಲ್ಲಿ ಉಳಿದವರ ಮಾತೇ ಇಲ್ಲವಾದ್ದರಿಂದ ಒಬ್ಬರು ತೀರಿಕೊಂಡರೆ ಇನ್ನೊಬ್ಬರೂ ತೀರಿಕೊಂಡವರ ವಾರಸುದಾರರೂ ಒಟ್ಟಾಗಿ ಬಂದು ಕೇಳಬೇಕಾಗುತ್ತದೆ. ಗಂಡ ಹೆಂಡತಿಗೆ ಇದು ಬೇಡವೇ ಬೇಡ.

ನಿನ್ನ ಗೆಳತಿ ಫಾರ್ಮರ್ ಆರ್ ಸರ್ವೈವರ್ ಹಾಕಿಸು, ದುಡ್ಡು ನಿನ್ನ ಕೈಯಲ್ಲೇ ಇರುತ್ತದೆ ಎಂದಳಂತೆ. ಅವಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ದಿನದ ಖರ್ಚಿನ ಖಾತೆಗೆ ಅದು ಹೊಂದುವುದಿಲ್ಲ. ಬದುಕಿನಲ್ಲಿ ಇರುವುದು, ಇಲ್ಲವಾಗುವುದು ಎಂಬ ಎರಡೇ ಸ್ಥಿತಿಯಲ್ಲ. ನಡುವೆ ಐಸಿಯು ಎಂಬುದೊಂದಿದೆ. ಮೊದಲ ಹೆಸರಿನವರು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಎರಡನೆಯ ಹೆಸರಿನವರು ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದಿದ್ದಾರೆ: ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡುವ ಹಾಗಿರಲಿಲ್ಲ. ಮೊದಲಿನವರು ಬದುಕಿರುವವರೆಗೆ ಎರಡನೆಯವರ ಸಹಿಗೆ ಆ ಖಾತೆಯಲ್ಲಿ ಬೆಲೆಯಿಲ್ಲ. ಐದರ್ ಆರ್ ಸರ್ವೈವರ್ ಆಗಿದ್ದರೆ ಎಟಿಎಂ ಕಾರ್ಡೇ ಸಾಕಾಗುತ್ತಿತ್ತು.

ಹಾಗೆಂದು ಅದರಲ್ಲಿ ಅಪಾಯವಿಲ್ಲ ಎಂದುಕೊಳ್ಳಬೇಡ. ಇಡೀ ಹಣವನ್ನು ಒಬ್ಬರೇ ತೆಗೆದರೂ ಬ್ಯಾಂಕು ಇನ್ನೊಬ್ಬರನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಜಗಳ ಬಂದಾಗ ಒಂದು ದಾರಿ ಇದೆ. ಇಬ್ಬರಲ್ಲಿ ಯಾರೊಬ್ಬರು ಒಬ್ಬರ ಸಹಿಯ ಮೇಲೆ ಹಣ ಕೊಡಬೇಡಿ ಎಂದು ಲಿಖಿತವಾಗಿ ಕೊಟ್ಟರೂ ಬ್ಯಾಂಕು ಆ ಅಧಿಕಾರವನ್ನು ನಿಲ್ಲಿಸುತ್ತದೆ, ಅಲ್ಲಿಂದ ಮುಂದೆ ಎರಡೂ ಸಹಿ ಬೇಕು. ನಿಲ್ಲಿಸಲು ಒಬ್ಬರು ಸಾಕು, ಮತ್ತೆ ಚಾಲೂ ಮಾಡಿಸಲು ಇಬ್ಬರೂ ಬೇಕು. ಬರೆದುಕೊಟ್ಟ ಪತ್ರದ ಪ್ರತಿಯ ಮೇಲೆ ದಿನಾಂಕದ ಸಹಿತ ಶಾಖೆಯ ಮೊಹರು ಹಾಕಿಸಿಕೊಳ್ಳದಿದ್ದರೆ ಅದು ತಲುಪಿತ್ತೋ ಇಲ್ಲವೋ ಎಂಬ ವಾದದಲ್ಲೇ ಹಣ ಖಾಲಿಯಾಗುತ್ತದೆ. ನಿಮ್ಮಿಬ್ಬರಿಗೆ ಇದು ಬೇಕಾಗಲಾರದು, ತಿಳಿದಿರಲಿ ಎಂದು ಬರೆದೆ.

ಎಫ್‌ಡಿಗೆ ಬರೋಣ. ಜನ ಎಡವುವುದು ಇಲ್ಲಿಯೇ. ಐದರ್ ಆರ್ ಸರ್ವೈವರ್ ಎಂದು ಇಟ್ಟ ಠೇವಣಿಯನ್ನು ಅವಧಿ ಮುಗಿದ ಮೇಲೆ ಯಾರಾದರೂ ಒಬ್ಬರು ಸಹಿ ಮಾಡಿ ತೆಗೆದುಕೊಳ್ಳಬಹುದು. ಆದರೆ ಅವಧಿಗೆ ಮುಂಚೆ ಮುರಿಯಬೇಕಾದರೆ, ಬೇರೆ ಏನನ್ನೂ ಬರೆದುಕೊಟ್ಟಿರದಿದ್ದರೆ, ಇಬ್ಬರ ಸಹಿಯೂ ಬೇಕು. ಟಿಕ್ ಒಂದೇ ಆದರೂ ಉಳಿತಾಯ ಖಾತೆಯಲ್ಲಿ ಅದು ಇಂದೇ ಕೆಲಸ ಮಾಡುತ್ತದೆ, ಎಫ್‌ಡಿಯಲ್ಲಿ ಅವಧಿ ಮುಗಿದ ದಿನಕ್ಕೆ.

ನನ್ನ ಸೇವೆಯ ಕಾಲದ ಒಂದು ಪ್ರಸಂಗ ಹೇಳುತ್ತೇನೆ. ಗಂಡನ ಹೆಸರು ಮೊದಲು, ಹೆಂಡತಿಯದು ಎರಡನೆಯದು. ಐದು ವರ್ಷಕ್ಕೆ 6 ಲಕ್ಷ ರೂಪಾಯಿಯ ಠೇವಣಿ, ಜೊತೆಗೊಂದು ಉಳಿತಾಯ ಖಾತೆ, ಎರಡೂ ಐದರ್ ಆರ್ ಸರ್ವೈವರ್. ಎರಡನೆಯ ವರ್ಷ ಗಂಡ ಹೃದಯಾಘಾತದಲ್ಲಿ ಹೋಗಿಬಿಟ್ಟರು. ಆಕೆ ಮರಣ ಪ್ರಮಾಣಪತ್ರ ತಂದರು. ಉಳಿತಾಯ ಖಾತೆಯಲ್ಲಿ ಗಂಡನ ಹೆಸರನ್ನು ತೆಗೆದು ಅದನ್ನು ಆಕೆಗೆ ಬಿಟ್ಟುಕೊಟ್ಟೆವು, ತಕರಾರೇನೂ ಇರಲಿಲ್ಲ. ಬಳಿಕ ಬ್ಯಾಗಿನಿಂದ ಎಫ್‌ಡಿ ಬಾಂಡ್ ತೆಗೆದು, ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು, ಇದನ್ನು ಮುರಿದುಕೊಡಿ ಎಂದರು. ಫೈಲು ತೆಗೆದು ನೋಡಿದರೆ ಅವಧಿಗೆ ಮುಂಚೆ ಒಬ್ಬರಿಗೇ ಕೊಡಬಹುದೆಂಬ ಒಪ್ಪಿಗೆ ಅದರಲ್ಲಿರಲಿಲ್ಲ. ಎರಡನೆಯ ಸಹಿ ಹಾಕಬೇಕಾದವರು ಇಲ್ಲ, ಹಾಗಾಗಿ ಅವರ ವಾರಸುದಾರರ ಒಪ್ಪಿಗೆ ಬೇಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಮೊದಲ ವರ್ಗದಲ್ಲಿ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಯೂ ಬರುತ್ತಾಳೆ. ಮಕ್ಕಳಲ್ಲಿ ಒಬ್ಬ ಅಪ್ರಾಪ್ತ. ಅತ್ತೆ ಮೈದುನನ ಮನೆಯಲ್ಲಿದ್ದರು, ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಸಹಿ ಬರಲಿಲ್ಲ. ಆಕೆ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಿದರು. ಠೇವಣಿಯ ಅವಧಿ ಮುಗಿದ ಮೇಲೆ ಬಂದಾಗ ಆಕೆಯೊಬ್ಬರ ಸಹಿಯೇ ಸಾಕಾಯಿತು, ಅತ್ತೆಯನ್ನು ಯಾರೂ ಕೇಳಲಿಲ್ಲ. ಅದೇ ಬಾಂಡ್, ಅದೇ ಹೆಂಗಸು.

ಇದಕ್ಕೆ ಪರಿಹಾರ ಒಂದು ಕಾಗದದಲ್ಲಿದೆ. ಅವಧಿಗೆ ಮುಂಚಿನ ಪಾವತಿಯನ್ನೂ ಅದೇ ಟಿಕ್‌ನ ಪ್ರಕಾರ ಮಾಡಬಹುದೆಂದು ಇಬ್ಬರೂ ಸೇರಿ ಬರೆದುಕೊಟ್ಟರೆ ಬ್ಯಾಂಕು ಹಾಗೆ ನಡೆದುಕೊಳ್ಳಬಹುದು. ಈ ಒಪ್ಪಿಗೆಯನ್ನು ಠೇವಣಿ ಇಡುವಾಗಲೇ ಕೊಡಬೇಕೆಂದಿಲ್ಲ, ಅವಧಿಯ ನಡುವೆ ಯಾವಾಗ ಬೇಕಾದರೂ ಕೊಡಬಹುದೆಂದು ರಿಸರ್ವ್ ಬ್ಯಾಂಕ್ 2012ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಕೆಲವು ಫಾರಂಗಳಲ್ಲಿ ಇದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕೆಲವು ಕಡೆ ಬೇರೆ ಹಾಳೆಯನ್ನೇ ಕೇಳಿ ಪಡೆಯಬೇಕು. ‘ಪ್ರೀಮೆಚ್ಯೂರ್ ವಿತ್‌ಡ್ರಾವಲ್ ಮ್ಯಾಂಡೇಟ್’ ಎಂದು ಕೇಳು. ಇಬ್ಬರೂ ಸಹಿ ಮಾಡಿ, ಕಂಪ್ಯೂಟರಿನಲ್ಲಿ ದಾಖಲಾಯಿತೇ ಎಂದು ಎದುರಿಗೇ ಕೇಳಿ ನೋಡು.

ಆದರೆ ಈ ಒಪ್ಪಿಗೆಗೆ ಎರಡು ಮುಖವಿದೆ. ಐದರ್ ಆರ್ ಸರ್ವೈವರ್ ಠೇವಣಿಗೆ ಅದನ್ನು ಕೊಟ್ಟರೆ ಇಬ್ಬರೂ ಚೆನ್ನಾಗಿರುವಾಗಲೂ ಯಾರೊಬ್ಬರು ಬೇಕಾದರೂ ಅದನ್ನು ಮುರಿಯಬಹುದು. ಫಾರ್ಮರ್ ಆರ್ ಸರ್ವೈವರ್‌ಗೆ ಕೊಟ್ಟರೆ ಮುರಿಯುವ ಅಧಿಕಾರ ಮೊದಲಿನವರದು ಮಾತ್ರ, ಅವರ ಕಾಲಾನಂತರ ಎರಡನೆಯವರು ಯಾರ ಬಾಗಿಲನ್ನೂ ತಟ್ಟದೆ ಮುರಿಯಬಹುದು. ನಿನ್ನ ಗೆಳತಿಯ ಸಲಹೆ ಸರಿಹೊಂದುವುದು ಇಲ್ಲಿ. ನಿನ್ನ 2 ಲಕ್ಷದ ಸಣ್ಣ ಠೇವಣಿಯನ್ನು ಐದರ್ ಆರ್ ಸರ್ವೈವರ್ ಮಾಡಿ ಒಪ್ಪಿಗೆ ಬರೆದುಕೊಡಿ, ಆಸ್ಪತ್ರೆಗೆ ಓಡುವ ದಿನ ಅದು ಕೈಗೆ ಸಿಗಲಿ. ಸಂಬಳದಿಂದ ಕೂಡಿಸಿದ ದೊಡ್ಡದನ್ನು ನಿನ್ನ ಹೆಸರು ಮೊದಲಿಟ್ಟು ಫಾರ್ಮರ್ ಆರ್ ಸರ್ವೈವರ್ ಮಾಡು, ಅದಕ್ಕೂ ಒಪ್ಪಿಗೆ ಇರಲಿ. ಅಳಿಯಂದಿರ ಠೇವಣಿಗಳಲ್ಲಿ ಅವರ ಹೆಸರು ಮೊದಲಿರಲಿ, ನಿನ್ನದು ಎರಡನೆಯದು. ಅವರು ಬೇಸರಪಟ್ಟುಕೊಳ್ಳುವವರಲ್ಲ. ಪಟ್ಟುಕೊಂಡರೆ ಅತ್ತೆಯವರು ಹೀಗೆ ಬರೆದಿದ್ದಾರೆ ಎಂದು ನನ್ನ ಮೇಲೆ ಹಾಕು.

ಹೆಸರಿನ ಕ್ರಮ ತೆರಿಗೆಗೂ ಬೇಕು. ಬಡ್ಡಿಯ ಮೇಲಿನ ಟಿಡಿಎಸ್ ಮೊದಲ ಹೆಸರಿನವರ ಪ್ಯಾನ್‌ಗೆ ದಾಖಲಾಗುತ್ತದೆ. ಎರಡನೆಯ ಹೆಸರು ಸೇರಿತೆಂದು ತೆರಿಗೆ ಅರ್ಧ ಅರ್ಧವಾಗುವುದಿಲ್ಲ, ಹಣ ನಿನ್ನದಾದರೆ ಬಡ್ಡಿಯೂ ನಿನ್ನ ಆದಾಯವೇ. ಠೇವಣಿ ವಿಮೆಯಲ್ಲೂ ಕ್ರಮಕ್ಕೆ ಲೆಕ್ಕವಿದೆ. ಒಂದು ಬ್ಯಾಂಕಿನಲ್ಲಿ ನಿನ್ನ ಹೆಸರು ಮೊದಲಿರುವ ಜಂಟಿ ಠೇವಣಿಗಳಿಗೂ ಅಳಿಯಂದಿರ ಹೆಸರು ಮೊದಲಿರುವವಕ್ಕೂ 5 ಲಕ್ಷದ ರಕ್ಷಣೆ ಪ್ರತ್ಯೇಕವಾಗಿ ಸಿಗುತ್ತದೆ. ನಿನ್ನ ಅಪ್ಪ ನಮ್ಮ ಸಹಕಾರಿ ಬ್ಯಾಂಕಿನ ಠೇವಣಿಗಳನ್ನು ಹೀಗೆ ಹೆಸರು ತಿರುಗಿಸಿ ಇಟ್ಟಿರುವುದು ಇದಕ್ಕೇ. ನೀನು ಅದನ್ನು ಅವರ ಹಳೇ ಚಟ ಎಂದು ನಗುತ್ತಿದ್ದೆ.

ಇನ್ನೊಂದು ಗೊಂದಲವನ್ನೂ ಬಿಡಿಸುತ್ತೇನೆ. ಉಳಿದವರಿಗೆ ಬ್ಯಾಂಕು ಹಣ ಕೊಟ್ಟಿತೆಂದರೆ ಬ್ಯಾಂಕಿನ ಹೊಣೆ ಮುಗಿಯಿತು ಎಂದಷ್ಟೇ ಅರ್ಥ. ಹಣದ ಮೇಲೆ ಬೇರೆ ವಾರಸುದಾರರಿಗೆ ಪಾಲಿದ್ದರೆ ಅದು ಹಾಗೆಯೇ ಉಳಿಯುತ್ತದೆ, ಅವರು ನ್ಯಾಯಾಲಯದಲ್ಲಿ ಕೇಳಬಹುದು. ಅಳಿಯಂದಿರ ಹಣದಲ್ಲಿ ನಿನ್ನ ಅತ್ತೆಗೂ ಅಂಥದೊಂದು ಪಾಲಿದೆ, ಅದನ್ನು ಟಿಕ್ ಅಳಿಸಲಾರದು. ಯಾರಿಗೆ ಎಷ್ಟು ಎಂದು ಹೇಳಬೇಕಾದದ್ದು ಉಯಿಲಿನಲ್ಲಿ. ನಾಮಿನಿಯ ಸರದಿಯೂ ನೀವಿಬ್ಬರೂ ಇಲ್ಲವಾದ ಮೇಲೆಯೇ ಬರುವುದು. ಜಂಟಿಯಾಯಿತೆಂದು ನಾಮಿನಿಯನ್ನು ಖಾಲಿ ಬಿಡಬೇಡಿ, ಇಬ್ಬರೂ ಒಂದೇ ಕಾರಿನಲ್ಲಿ ಓಡಾಡುತ್ತೀರಿ. ಹಳೆಯ ನಾಮಿನಿ ನಾನೇ ಇರಬೇಕು, ಈಗ ಇಬ್ಬರೂ ಸಹಿ ಮಾಡಿ ಹೊಸದಾಗಿ ಬರೆಯಿರಿ.

ಮೊಬೈಲ್ ಆ್ಯಪ್‌ನಲ್ಲಿ ನೀನೇ ಇಟ್ಟ ಎಫ್‌ಡಿ ಇದ್ದರೆ ಅದರ ರಸೀದಿಯನ್ನು ತೆರೆದು ನೋಡು. ಜಂಟಿ ಖಾತೆಯಿಂದ ಹಣ ಹೋಗಿದ್ದರೂ ಠೇವಣಿ ನಿನ್ನೊಬ್ಬಳ ಹೆಸರಿನಲ್ಲಿಯೇ ಇರಬಹುದು. ಶನಿವಾರ ಹೋಗುವುದಾದರೆ ಎರಡನೆಯ, ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಎಂಬುದು ನೆನಪಿರಲಿ. ಅಳಿಯಂದಿರ ಸಹಿ ಪ್ಯಾನ್ ಕಾರ್ಡಿನಲ್ಲಿ ಇರುವ ಹಾಗೆಯೇ ಬೀಳಲಿ.

ನಿನ್ನ ಅಮ್ಮ