ಪ್ರಮೋಷನ್ ಕೋಟಾ ತಪ್ಪೋದು ರಿಮಾರ್ಕ್ಸ್ ಕಾಲಮ್ಮಲ್ಲಿ

ಮಾನ್ಯ ಸಂಪಾದಕರೇ,

ಅಂಗವಿಕಲರಿಗೆ ಸರ್ಕಾರಿ ಕೆಲಸದಲ್ಲಿ ಶೇ 4 ಮೀಸಲಾತಿ ಅಂತ ಪೇಪರಲ್ಲಿ ಆಗಾಗ ಬರ್ತಾ ಇರುತ್ತೆ, ಆದ್ರೆ ಆ ಚರ್ಚೆ ಎಲ್ಲಾ ಕೆಲಸಕ್ಕೆ ಸೇರೋ ತನಕ ಅಷ್ಟೇ. ಸೇರಿದ ಮೇಲೆ ಪ್ರಮೋಷನ್ ಹೇಗೆ ಸಿಗುತ್ತೆ, ಎಲ್ಲಿ ಕೈತಪ್ಪುತ್ತೆ ಅನ್ನೋದನ್ನ ಯಾರೂ ಬರೆಯೋದಿಲ್ಲ. ನಾನು ಒಂದು ಕೇಂದ್ರ ಸರ್ಕಾರಿ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆದವನು, ಮೀಸಲು ಹುದ್ದೆಗಳ ಲೆಕ್ಕ ಇಡೋ ರೋಸ್ಟರ್ ರಿಜಿಸ್ಟರ್ ಅನ್ನೋದು ದಿನಾ ನನ್ನ ಟೇಬಲ್ ಮೇಲೇ ಇರ್ತಿತ್ತು, ಹಾಗಾಗಿ ಇದನ್ನ ಬರೀತಿದೀನಿ, ಸ್ವಲ್ಪ ಉದ್ದ ಆದ್ರೆ ಕತ್ತರಿಸಬೇಡಿ.

ಕಾನೂನು ಸ್ಪಷ್ಟವಾಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರಿಗೂ ಪ್ರಮೋಷನ್ ತಪ್ಪಿಸೋ ಹಾಗಿಲ್ಲ. 34ನೇ ಸೆಕ್ಷನ್‌ನಲ್ಲಿ ಶೇ 4 ಮೀಸಲಾತಿ ಇದೆ. ಆದ್ರೆ ಪ್ರಮೋಷನ್‌ನಲ್ಲಿ ಮೀಸಲಾತಿ ಹೇಗೆ ಅನ್ನೋದನ್ನ ಸರ್ಕಾರದ ಆದೇಶಕ್ಕೆ ಬಿಟ್ಟಿದ್ರು, ಅಲ್ಲೇ ಎಳೆದಾಟ ಮುಂದುವರಿದಿದ್ದು. ಈ ಕಾಯ್ದೆ ಬರೋಕೆ ಮುಂಚೆ, ಹಳೇ 1995ರ ಕಾಯ್ದೆ ಇದ್ದಾಗಲೇ, ಪ್ರಸಾರ ಭಾರತಿ ಇಂಜಿನಿಯರ್‌ಗಳ ಕೇಸಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಮೇಲ್ದರ್ಜೆಯ ಎ ಮತ್ತು ಬಿ ಗ್ರೂಪ್ ಹುದ್ದೆಗಳಲ್ಲೂ ಪ್ರಮೋಷನ್ ಮೀಸಲಾತಿ ಕೊಡಿ ಅಂತು. ಆಮೇಲೆ ನಮ್ಮ ರಾಜ್ಯದಿಂದಲೇ ಹೋದ ಸಿದ್ದರಾಜು ಕೇಸಲ್ಲಿ, 2020ರ ಜನವರಿಯಲ್ಲಿ, ಮೂವರು ಜಡ್ಜ್‌ಗಳು ಅದನ್ನ ಎತ್ತಿಹಿಡಿದ್ರು. ಮಂಡಲ್ ತೀರ್ಪಿನಲ್ಲಿ ಪ್ರಮೋಷನ್ ಮೀಸಲಾತಿ ಬೇಡ ಅಂದಿದ್ದು ಜಾತಿ ಆಧಾರದ ಮೀಸಲಾತಿಗೆ, ಅದು ಅಂಗವಿಕಲರಿಗೆ ಅಡ್ಡಿ ಆಗಲ್ಲ ಅಂತ. 2021ರಲ್ಲಿ ಕೇರಳದ ಲೀಸಮ್ಮ ಜೋಸೆಫ್ ಅವರ ಕೇಸು ಬಂತು. ಅವರು ಪೊಲೀಸ್ ಇಲಾಖೆಗೆ ಅನುಕಂಪದ ನೌಕರಿಯಲ್ಲಿ ಸೇರಿದ್ದವರು. ಅಂಗವಿಕಲ ಕೋಟಾದಲ್ಲಿ ಸೇರಿಲ್ಲ ಅಂತ ಪ್ರಮೋಷನ್ ಕೋಟಾ ತಪ್ಪಿಸೋಕಾಗಲ್ಲ ಅಂತ ಕೋರ್ಟು ಹೇಳಿ, ಮೂರು ತಿಂಗಳಲ್ಲಿ ಪ್ರಮೋಷನ್ ಮೀಸಲಾತಿ ಜಾರಿ ಮಾಡಿ ಅಂತ ಕೇರಳ ಸರ್ಕಾರಕ್ಕೆ ತಾಕೀತು ಮಾಡ್ತು. ಕೇಂದ್ರದ ಆದೇಶ ಬಂದಿದ್ದು 2022ರ ಮೇನಲ್ಲಿ. ಗ್ರೂಪ್ ಸಿ, ಗ್ರೂಪ್ ಬಿ, ಮತ್ತೆ ಬಿ ಇಂದ ಎ ಗ್ರೂಪಿನ ಕೆಳಗಿನ ಮೆಟ್ಟಿಲಿನವರೆಗೆ ಶೇ 4.

ಸರಿ, ಆದೇಶ ಬಂತಲ್ಲ, ಇನ್ನೇನು ಸಮಸ್ಯೆ ಅಂತೀರಾ? ಈಗ ಆ ರಿಜಿಸ್ಟರ್ ಒಳಗೆ ಬನ್ನಿ.

ರೋಸ್ಟರ್ ಅಂದ್ರೆ ನೂರು ಸಾಲಿನ ಒಂದು ಲೆಡ್ಜರ್. ಖಾಲಿಯಾದ ಪ್ರತಿ ಹುದ್ದೆನೂ ಅದರಲ್ಲಿ ಒಂದೊಂದು ಸಾಲು, ಅಂಗವಿಕಲರಿಗೆ ಆಗುತ್ತೋ ಇಲ್ವೋ ನೋಡದೆ ಎಲ್ಲವನ್ನೂ ಬರೀಲೇಬೇಕು. ನೂರನ್ನ ಇಪ್ಪತ್ತೈದರ ನಾಲ್ಕು ಬ್ಲಾಕ್ ಮಾಡಿ 1, 26, 51, 76ನೇ ಪಾಯಿಂಟ್‌ಗಳನ್ನ ಅಂಗವಿಕಲರಿಗೆ ಇಟ್ಟಿದಾರೆ. ಬ್ಲಾಕಿನ ಮೊದಲ ಸಾಲೇ ಇವರದು ಯಾಕೆ ಅಂದ್ರೆ ಇವರು ಕೊನೇ ತನಕ ಕಾಯೋ ಹಾಗೆ ಆಗಬಾರದು ಅಂತ. ಮೊದಲ ಸಾಲಿಗೆ ಬಂದ ಹುದ್ದೆ ನಿಜವಾಗ್ಲೂ ಆಗೋದಿಲ್ಲ ಅಂದ್ರೆ 2ರಿಂದ 25ರ ಒಳಗೆ ಬರೋ ಬೇರೆ ಸೂಕ್ತ ಹುದ್ದೆನ ಕೊಡಬೇಕು. ಇದು ನಿಯಮ.

ನಾನು ಕಣ್ಣಾರೆ ನೋಡಿದ ರಿಜಿಸ್ಟರಲ್ಲಿ ಏನಾಗಿತ್ತು ಅಂದ್ರೆ, 1ನೇ ಪಾಯಿಂಟ್ ಎದುರಿಗೆ ರಿಮಾರ್ಕ್ಸ್ ಕಾಲಮ್ಮಲ್ಲಿ ಕೆಂಪು ಇಂಕಲ್ಲಿ "ಸೂಕ್ತವಲ್ಲ" ಅಂತ ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ರು. 2ರಿಂದ 25ರವರೆಗೆ ಯಾವುದನ್ನೂ ಬದಲಿಗೆ ಕೊಟ್ಟಿಲ್ಲ. 26ಕ್ಕೆ ಬಂದಾಗ ಮತ್ತೆ ಅದೇ ಕೆಂಪು ಇಂಕು. ಮೂವತ್ತು ಪ್ರಮೋಷನ್ ಆಗೋ ಹೊತ್ತಿಗೆ ಎರಡು ಹುದ್ದೆ ಸಿಗಬೇಕಿತ್ತು, ಸಿಕ್ಕಿದ್ದು ಸೊನ್ನೆ. ಯಾರೂ ಮೀಸಲಾತಿ ಕೊಡಲ್ಲ ಅಂತ ಎಲ್ಲೂ ಬರೆದಿಲ್ಲ ನೋಡಿ, ಎರಡು ಸಲ ಒಂದೊಂದು ಪದ ಬರೆದ್ರು, ಕೆಲಸ ಮುಗೀತು.

ಅವತ್ತು ಆ ಸಾಲಿಗೆ ಅರ್ಹರಾಗಿದ್ದವರು ನಮ್ಮ ಸೆಕ್ಷನ್ನಿನ ಹುಡುಗಿ, ದೃಷ್ಟಿ ತುಂಬಾ ಕಮ್ಮಿ, ಕಂಪ್ಯೂಟರಲ್ಲಿ ಸ್ಕ್ರೀನ್ ರೀಡರ್ ಹಾಕ್ಕೊಂಡು ನಮ್ಮೆಲ್ಲರಿಗಿಂತ ಬೇಗ ಫೈಲ್ ಮುಗಿಸ್ತಿದ್ಲು. ನಾನು ಕೇಳಿದಾಗ ಮೇಲಿನವರು ಹೇಳಿದ್ದು, "ಆ ಪೋಸ್ಟಲ್ಲಿ ಟೂರ್ ಇದೆ ಸಾರ್, ಪಾಪ ಆ ಯಮ್ಮನಿಗೆ ಯಾಕೆ ತೊಂದ್ರೆ, ಇಲ್ಲೇ ಆರಾಮಾಗಿದಾರಲ್ಲ." ಆ ಯಮ್ಮನ್ನ ಮಾತ್ರ ಯಾರೂ ಕೇಳಿರಲಿಲ್ಲ. ಈ ಪಾಪ ಅನ್ನೋ ಮಾತು ಸರ್ಕಾರಿ ಆಫೀಸಲ್ಲಿ ಎಷ್ಟು ಜನರ ಪ್ರಮೋಷನ್ ತಿಂದಿದೆಯೋ ದೇವರಿಗೇ ಗೊತ್ತು. ಟೂರ್ ಇದ್ರೆ ಜೊತೆಗೊಬ್ಬರನ್ನ ಕಳಿಸಿ, ಇಲ್ಲಾ ಟೂರ್ ಇಲ್ಲದ ಸೀಟಿಗೆ ಹಾಕಿ, ಅಷ್ಟು ಅನುಕೂಲ ಮಾಡಿಕೊಡಬೇಕು ಅಂತ ಕಾಯ್ದೆನೇ ಹೇಳುತ್ತೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ, ಅಧಿಕಾರಿಗಳಿಗೂ ಗೊತ್ತಿಲ್ಲ. ಯಾವ ಹುದ್ದೆ ಯಾವ ಅಂಗವೈಕಲ್ಯಕ್ಕೆ ಸೂಕ್ತ ಅಂತ ಕೇಂದ್ರ 2021ರ ಜನವರಿಯಲ್ಲಿ ಒಂದು ಪಟ್ಟಿ ಹೊರಡಿಸಿದೆ. ಆ ಪಟ್ಟಿಯ ಟಿಪ್ಪಣಿಯಲ್ಲೇ ಇದೆ, ಕೆಳಗಿನ ಹುದ್ದೆ ಸೂಕ್ತ ಅಂತ ಗುರುತಿಸಿದ್ರೆ ಅಲ್ಲಿಂದ ಪ್ರಮೋಷನ್ ಆಗೋ ಹುದ್ದೆನೂ ಸೂಕ್ತ ಅಂತಲೇ ಲೆಕ್ಕ. ಅಂದ್ರೆ ಆ ಹುಡುಗಿ ಕೂತಿದ್ದ ಸೀಟು ಪಟ್ಟಿಯಲ್ಲಿ ಇದ್ದ ಮೇಲೆ ಮೇಲಿನ ಸೀಟಿನ ಎದುರಿಗೆ "ಸೂಕ್ತವಲ್ಲ" ಅಂತ ಬರೆಯೋ ಅಧಿಕಾರ ಆ ಕ್ಲರ್ಕಿಗೂ ಇಲ್ಲ ಆಫೀಸರಿಗೂ ಇಲ್ಲ.

ಪ್ರೈವೇಟ್ ಕಂಪನಿಗಳ ಕಥೆ ಬೇರೆ, ಅಲ್ಲಿ ಈ ಕಾಯ್ದೆಯಲ್ಲಿ ಕೋಟಾನೇ ಇಲ್ಲ, ನೂರಕ್ಕೆ ಐದು ಜನ ಅಂಗವಿಕಲರು ಇರೋ ಹಾಗೆ ಪ್ರೋತ್ಸಾಹ ಕೊಡಿ ಅಂತಷ್ಟೇ 35ನೇ ಸೆಕ್ಷನ್ ಹೇಳೋದು. ಅದರ ಬಗ್ಗೆ ಗೊತ್ತಿರೋರು ಬರೀಲಿ.

ಈಗ ನಾನು ಕೇಳೋದು ಒಂದೇ. ಪ್ರತಿ ಇಲಾಖೆನೂ ವರ್ಷಕ್ಕೊಂದು ಸಲ ಪ್ರಮೋಷನ್ ರೋಸ್ಟರ್ ರಿಜಿಸ್ಟರನ್ನ ರಿಮಾರ್ಕ್ಸ್ ಕಾಲಮ್ ಸಮೇತ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕಲಿ. ನೌಕರರ ಹೆಸರು ಬೇಕಾದ್ರೆ ಮುಚ್ಚಲಿ, ಪಾಯಿಂಟ್ ನಂಬರ್ ಮತ್ತೆ ಕಾರಣ ಕಂಡ್ರೆ ಸಾಕು. ನಮ್ಮ ರಾಜ್ಯ ಸರ್ಕಾರವೂ ಮಾಡಲಿ, ಸಿದ್ದರಾಜು ತೀರ್ಪಲ್ಲಿ ಎದುರುದಾರರೇ ಕರ್ನಾಟಕ ಸರ್ಕಾರ ಅಲ್ವಾ.

ಅಲ್ಲಿವರೆಗೆ ಆರ್‌ಟಿಐ ಇದೆ, ಕೇಂದ್ರ ಕಚೇರಿ ಆದ್ರೆ ಹತ್ತು ರೂಪಾಯಿ ಫೀಸು. ಆದ್ರೆ "ನಿಮ್ಮಲ್ಲಿ ಎಷ್ಟು ಜನ ಅಂಗವಿಕಲರಿದ್ದಾರೆ" ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದ್ರೆ ಸರ್ವಿಸಲ್ಲಿ ಇರುವಾಗ ಆಕ್ಸಿಡೆಂಟ್ ಆದವರು, ಅನುಕಂಪದಲ್ಲಿ ಬಂದವರು, ಎಲ್ಲರನ್ನೂ ಸೇರಿಸಿ ತಲೆ ಎಣಿಸಿ, ಶೇ 4 ದಾಟಿದೆ ಅಂತ ಉತ್ತರ ಕೊಡ್ತಾರೆ. ಮೀಸಲಾತಿ ಲೆಕ್ಕ ತಲೆಗಲ್ಲ, ಖಾಲಿ ಹುದ್ದೆಗೆ. ಹೀಗೆ ಬರೀರಿ: "ಪ್ರಮೋಷನ್‌ಗೆ ಸಂಬಂಧಿಸಿದ ಅಂಗವಿಕಲರ ನೂರು ಪಾಯಿಂಟ್ ರೋಸ್ಟರಿನ ದೃಢೀಕೃತ ನಕಲು ಕೊಡಿ, 1, 26, 51, 76ನೇ ಪಾಯಿಂಟ್ ತುಂಬದೇ ಇದ್ದರೆ ಅದೇ ಬ್ಲಾಕಿನಲ್ಲಿ ಬದಲಿಗೆ ಯಾವ ಪಾಯಿಂಟ್ ಕೊಟ್ಟಿದ್ದೀರಿ, ಮುಂದಿನ ವರ್ಷಕ್ಕೆ ಎಷ್ಟು ಹುದ್ದೆ ಕ್ಯಾರಿ ಫಾರ್ವರ್ಡ್ ಮಾಡಿದ್ದೀರಿ ತಿಳಿಸಿ." ಇದಕ್ಕೆ ಬರೋ ಉತ್ತರದ ಜೆರಾಕ್ಸನ್ನ ನಿಮ್ಮ ಪೇಪರಿಗೂ ಕಳಿಸೋಕೆ ಓದುಗರಿಗೆ ಹೇಳಿ ಸಂಪಾದಕರೇ.

ಇಂತಿ,
ಒಬ್ಬ ನಿವೃತ್ತ ನೌಕರ, ಮೈಸೂರು