ಸೇವಾ ಪುಸ್ತಕದಲ್ಲಿ ಕಂಡ ಟೀಚರ್

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ, ಹೆಗ್ಗಡದೇವನಕೋಟೆ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಟೀಚರ್ ಅವರ ಬೀಳ್ಕೊಡುಗೆಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತನಾಡುವ ಅವಕಾಶ ಸಿಕ್ಕಿತು. ಅಂದು ಆಡಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಈ ಸಂಚಿಕೆಯ ಸಂಪಾದಕೀಯವಾಗಿ ಓದುಗರ ಮುಂದಿಡುತ್ತಿದ್ದೇನೆ.

ಭಾಷಣಕ್ಕೆ ಏನು ಹೇಳಲಿ ಎಂದು ಕೇಳಲು ಮನೆಗೆ ಹೋದಾಗ, ಪಿಂಚಣಿ ಕಾಗದಪತ್ರಗಳಿಗಾಗಿ ಮಾಡಿಸಿಟ್ಟಿದ್ದ ಸೇವಾ ಪುಸ್ತಕದ ಜೆರಾಕ್ಸ್ ಪ್ರತಿಯನ್ನು ಟೀಚರ್ ನನ್ನ ಕೈಗಿತ್ತರು. ಅದರ ಮೊದಲ ಪುಟದಲ್ಲಿ ಹುಟ್ಟಿದ ದಿನಾಂಕ 1965ರ ಜೂನ್ 1 ಎಂದಿದೆ. ಅವರು ನಿಜವಾಗಿ ಹುಟ್ಟಿದ್ದು ಆ ವರ್ಷದ ದೀಪಾವಳಿಯ ಹಿಂದೆಮುಂದೆ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಶಾಲೆ ಆರಂಭವಾಗುವ ದಿನಕ್ಕೆ ವಯಸ್ಸು ತುಂಬಿರಬೇಕೆಂದು ಅಂದಿನ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಆ ತಲೆಮಾರಿನ ಎಷ್ಟೋ ಜನರ ಜನ್ಮದಿನ ಹೀಗೆಯೇ ನಿಶ್ಚಯವಾಗಿದೆ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮವಾದ್ದರಿಂದ, ಟೀಚರ್ ಅವರ ಕೊನೆಯ ದಿನ 2025ರ ಮೇ 31, ಶನಿವಾರವಾಯಿತು. ತಾಯಿಯ ಲೆಕ್ಕದಲ್ಲಿ ಅವರಿಗೆ ಅರವತ್ತು ತುಂಬಲು ಇನ್ನೂ ಐದು ತಿಂಗಳಿದ್ದವು.

ಟಿ.ಸಿ.ಎಚ್. ಮುಗಿಸಿ 1990ರಲ್ಲಿ ಅವರು ನಮ್ಮೂರಿಗೆ ಬಂದಾಗ ಅವರಿಗೆ ಇಪ್ಪತ್ತೈದು ವರ್ಷ. ನಾನು ಒಂದನೇ ತರಗತಿ. ಮೈಸೂರಿನಿಂದ ಬರುವ ಬೆಳಗಿನ ಬಸ್ಸು ತಪ್ಪಿದರೆ ದಾರಿಯಿಲ್ಲವೆಂದು ಊರಿನಲ್ಲೇ ಒಂದು ಕೋಣೆ ಹಿಡಿದಿದ್ದರು. ಸಂಜೆ ಅದರ ಜಗಲಿಯಲ್ಲಿ ನಾವು ಮಗ್ಗಿ ಒಪ್ಪಿಸುತ್ತಿದ್ದೆವು.

ಮುಂದಿನ ಪುಟಗಳಲ್ಲಿ ಮದುವೆಯ ನಂತರ ಬದಲಾದ ಹೆಸರಿದೆ, 1996ರಲ್ಲಿ ಹೆರಿಗೆ ರಜೆಯ ನಮೂದಿದೆ. ಇಂದಿನ 180 ದಿನಗಳ ರಜೆ ಆಗ ಇರಲಿಲ್ಲ, ಎಳೆಯ ಮಗುವನ್ನು ತಾಯಿಯ ಬಳಿ ಬಿಟ್ಟು ಶಾಲೆಗೆ ಬಂದರು. ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲೇ ನಮ್ಮ ತಾಲ್ಲೂಕಿನಲ್ಲಿ ನಲಿ-ಕಲಿ ಹುಟ್ಟಿತು. ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕಾರ್ಡುಗಳನ್ನು ಬರೆದರು. ಹಾಡಿಯ ಮಕ್ಕಳು ಕಾಫಿ ಕೊಯ್ಲಿನ ಕಾಲಕ್ಕೆ ತಂದೆ ತಾಯಿಯ ಜೊತೆ ಕೊಡಗಿಗೆ ಹೋಗಿಬಿಡುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಅವರು ಮರಳುವಷ್ಟರಲ್ಲಿ ತರಗತಿ ಎಷ್ಟೋ ಮುಂದೆ ಹೋಗಿರುತ್ತಿತ್ತು, ಏನೂ ಅರ್ಥವಾಗದೆ ಕುಳಿತು ಕೆಲವೇ ದಿನಗಳಲ್ಲಿ ಶಾಲೆ ಬಿಡುತ್ತಿದ್ದರು. ಕಲಿಕಾ ಏಣಿ ಬಂದ ಮೇಲೆ ಬಿಟ್ಟ ಮೆಟ್ಟಿಲಿನಿಂದಲೇ ಮಗು ಮತ್ತೆ ಹತ್ತಬಹುದಾಯಿತು. "ನಾನೂ ರಜೆ ಮುಗಿಸಿ ಬಂದು ಹಾಗೆಯೇ ಶುರುಮಾಡಿದೆ ಕಣಪ್ಪ, ಬಿಟ್ಟಲ್ಲಿಂದ" ಎಂದು ಟೀಚರ್ ಹೇಳಿದ ಮಾತನ್ನು ನಾನು ವೇದಿಕೆಯಲ್ಲಿ ಹಾಗೆಯೇ ಹೇಳಿದೆ.

2001ರಲ್ಲಿ ಪತಿಯ ಊರಿನ ಕಡೆಗೆ ವರ್ಗಾವಣೆ. 2004ರಲ್ಲಿ ವೈದ್ಯಕೀಯ ಪ್ರಮಾಣಪತ್ರದೊಡನೆ ಪರಿವರ್ತಿತ ರಜೆ, ಕಾಯಿಲೆಯ ಹೆಸರನ್ನು ನಾನು ಕೇಳಲಿಲ್ಲ. ಬಡ್ತಿ ಪಡೆದು ಮುಖ್ಯ ಶಿಕ್ಷಕಿಯಾದಾಗ ಸ್ಥಳ ಆರಿಸಿಕೊಳ್ಳುವ ಕೌನ್ಸೆಲಿಂಗ್‌ನಲ್ಲಿ ಅವರು ನಮ್ಮೂರನ್ನೇ ಕೇಳಿದರು. ಮಗಳ ಮದುವೆಗೆ ಭವಿಷ್ಯ ನಿಧಿಯಿಂದ ಹಣ ತೆಗೆದದ್ದು ಆ ನಂತರದ ವರ್ಷಗಳಲ್ಲಿ. ಮನೆಯಲ್ಲಿ ಮೊಮ್ಮಗಳು ಬಂದ ಹೊತ್ತಿಗೆ ಶಾಲೆಯಲ್ಲಿ ನನ್ನ ಸಹಪಾಠಿಗಳ ಮಕ್ಕಳು ಒಂದನೇ ತರಗತಿಗೆ ಬಂದಿದ್ದರು. ಮಗು ಅ ಆ ಬಿಟ್ಟು ರ ಗ ಸ ದ ಎನ್ನುತ್ತಿದೆಯೆಂದು ದೂರು ತಂದ ಒಬ್ಬ ತಂದೆಗೆ, ಆ ನಾಲ್ಕು ಅಕ್ಷರ ಸೇರಿಸಿ ಗರಗಸ, ದರ, ಸರ ಎಂದು ಬೋರ್ಡಿನ ಮೇಲೆ ಬರೆದು, ಮೊದಲ ವಾರಗಳಲ್ಲೇ ಮಗು ಪದ ಓದುವುದನ್ನು ತೋರಿಸಿದರಂತೆ. ಆ ತಂದೆಯೂ ಅವರ ಹಳೆಯ ವಿದ್ಯಾರ್ಥಿಯೇ.

ಅವರು ಕೆಲಸಕ್ಕೆ ಸೇರಿದಾಗ ನಿವೃತ್ತಿಯ ವಯಸ್ಸು ಐವತ್ತೆಂಟು. 2008ರಲ್ಲಿ ಸರ್ಕಾರ ಅದನ್ನು ಅರವತ್ತಕ್ಕೆ ಏರಿಸದಿದ್ದರೆ 2023ರಲ್ಲೇ ಮನೆಗೆ ಹೋಗಬೇಕಿತ್ತು. ಆ ಎರಡು ವರ್ಷ ಹೆಚ್ಚಾಗಿ ಸಿಕ್ಕಿದ್ದು ನಮ್ಮೂರಿನ ಭಾಗ್ಯವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಆ ಅವಧಿಯಲ್ಲಿ ಶಾಲೆ ಬಿಟ್ಟಿದ್ದ ಹಾಡಿಯ ಮೂವರು ಹುಡುಗಿಯರನ್ನು ಅವರು ಮನೆಗೇ ಹೋಗಿ ಕರೆತಂದರು. ಮೂವರೂ ಅಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು.

ಬೇಸಿಗೆ ರಜೆ ಮುಗಿದು ಮೇ 29ಕ್ಕೆ ಶಾಲೆ ತೆರೆದಿತ್ತು. ಶನಿವಾರ ಬೆಳಿಗ್ಗೆ ಸಭೆಗೆ ಶಾಮಿಯಾನ ಕಟ್ಟುತ್ತಿದ್ದಾಗ ಒಬ್ಬ ತಾಯಿ ಮಗಳನ್ನು ಸೇರಿಸಲು ಬಂದರು. ಟೀಚರ್ ಹಾರ ತೆಗೆದಿಟ್ಟು, ದಾಖಲಾತಿ ವಹಿ ತರಿಸಿ, ಜನನ ಪ್ರಮಾಣಪತ್ರವನ್ನು ಕನ್ನಡಕದ ಹತ್ತಿರ ಹಿಡಿದು, ದಿನಾಂಕವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ತಾಯಿಗೆ ಓದಿ ಹೇಳಿ, ಸರಿಯಿದೆಯೇ ಎಂದು ಎರಡು ಸಲ ಕೇಳಿದರು.